ಮೊದಲು ರಾತ್ರಿಗಳ ಲೆಕ್ಕ, ಆಮೇಲೆ ರಾಯಭಾರ ಕಚೇರಿ

ಮಂಗಳೂರಿನ ಹಂಪನಕಟ್ಟೆಯ ಬಳಿ ಇರುವ ಟ್ರಾವೆಲ್ ಕಚೇರಿಯೊಂದರಲ್ಲಿ ವೀಸಾ ಅರ್ಜಿಗಳ ಕಾಗದಪತ್ರ ಸಿದ್ಧಪಡಿಸುವುದು ನನ್ನ ಕೆಲಸ. ಯುರೋಪ್ ಪ್ರವಾಸಕ್ಕೆಂದು ಬರುವವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನಾಲ್ಕು ದೇಶ ನೋಡುವುದಾದರೆ ಅರ್ಜಿ ಹಾಕಬೇಕಾದದ್ದು ಯಾವ ದೇಶದ ರಾಯಭಾರ ಕಚೇರಿಗೆ? ಹೆಚ್ಚಿನವರು ಉತ್ತರವನ್ನೂ ತಾವೇ ತಂದಿರುತ್ತಾರೆ. ವಿಮಾನ ಇಳಿಯುವ ದೇಶಕ್ಕೆ ಹಾಕಬೇಕು ಎಂದು ಕೆಲವರು, ಯಾವ ದೇಶದವರು ಬೇಗ ಕೊಡುತ್ತಾರೋ ಅಲ್ಲಿಗೆ ಹಾಕಬೇಕು ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಎರಡೂ ಸರಿಯಲ್ಲ. ಇದನ್ನು ತೀರ್ಮಾನಿಸುವ ನಿಯಮ ಸ್ಪಷ್ಟವಾಗಿ ಬರೆದಿಟ್ಟದ್ದು. ಅದನ್ನು ನಮ್ಮ ಪ್ರವಾಸಕ್ಕೆ ಅನ್ವಯಿಸುವ ಲೆಕ್ಕವನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು.

ತಮ್ಮ ನಡುವಿನ ಗಡಿ ತಪಾಸಣೆಯನ್ನು ತೆಗೆದುಹಾಕಿದ ಯುರೋಪಿನ ದೇಶಗಳ ಕೂಟವಾದ ಷೆಂಗೆನ್ ಒಪ್ಪಂದದಲ್ಲಿ ಈಗ 29 ದೇಶಗಳಿವೆ. 2023ರ ಜನವರಿಯಲ್ಲಿ ಕ್ರೊಯೇಷಿಯಾ ಸೇರಿತು. 2025ರ ಜನವರಿಯಿಂದ ಬಲ್ಗೇರಿಯಾ ಮತ್ತು ರೊಮೇನಿಯಾ ಪೂರ್ಣ ಪ್ರಮಾಣದಲ್ಲಿ ಒಳಗೆ ಬಂದವು. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿಲ್ಲ. ಯುರೋಪಿಯನ್ ಒಕ್ಕೂಟದ ಸದಸ್ಯನಲ್ಲದಿದ್ದರೂ ಸ್ವಿಟ್ಜರ್ಲೆಂಡ್ ಇದೆ. ಈ ದೇಶಗಳಲ್ಲಿ ಯಾವುದೇ ಒಂದು ಕೊಟ್ಟ ಸಾಮಾನ್ಯ ಅಲ್ಪಾವಧಿ ವೀಸಾ ಉಳಿದೆಲ್ಲ ದೇಶಗಳಲ್ಲೂ ನಡೆಯುವುದರಿಂದ, ಆ ಅರ್ಜಿಯನ್ನು ಪರಿಶೀಲಿಸುವ ಹೊಣೆ ಯಾರದು ಎಂಬುದನ್ನು ಯುರೋಪಿಯನ್ ಒಕ್ಕೂಟದ 2009ರ ವೀಸಾ ಸಂಹಿತೆಯ ಐದನೇ ವಿಧಿ ಹೇಳುತ್ತದೆ. ಒಂದೇ ದೇಶಕ್ಕೆ ಹೋಗುವುದಾದರೆ ಹೊಣೆ ಆ ದೇಶದ್ದು. ಹಲವು ದೇಶಗಳಿಗೆ ಹೋಗುವುದಾದರೆ, ಉಳಿಯುವ ದಿನಗಳನ್ನಾಗಲಿ ಹೋಗುವ ಉದ್ದೇಶವನ್ನಾಗಲಿ ನೋಡಿದಾಗ ಯಾವುದು ಪ್ರಧಾನ ಗಮ್ಯ ಎನಿಸುತ್ತದೋ ಆ ದೇಶದ್ದು. ಹಾಗೆ ಪ್ರಧಾನವಾದ ಒಂದು ದೇಶವನ್ನು ಗುರುತಿಸಲು ಸಾಧ್ಯವೇ ಆಗದಿದ್ದರೆ ಮಾತ್ರ, ಷೆಂಗೆನ್ ಪ್ರದೇಶವನ್ನು ಪ್ರವೇಶಿಸಲು ಯಾವ ದೇಶದ ಗಡಿಯನ್ನು ಮೊದಲು ದಾಟುತ್ತೇವೋ ಆ ದೇಶದ್ದು. ವಿಮಾನ ಇಳಿಯುವ ದೇಶ ಎಂಬ ನಂಬಿಕೆ ಹುಟ್ಟಿದ್ದು ಈ ಕೊನೆಯ ವಾಕ್ಯದಿಂದ. ಅದರ ಹಿಂದಿನ ಎರಡು ವಾಕ್ಯಗಳನ್ನು ಓದದೆ ಅದೊಂದನ್ನೇ ಹಿಡಿದುಕೊಂಡವರು ಬಹಳ ಮಂದಿ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡುವುದು ಒಳ್ಳೆಯದು. ಉಡುಪಿಯ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಮತ್ತು ಅವರ ಪತ್ನಿ ತಾವೇ ಬರೆದುಕೊಂಡು ಬಂದ ಯೋಜನೆ ಹೀಗಿತ್ತು. ಮೇ 5ರಂದು ದುಬೈ ಮಾರ್ಗವಾಗಿ ಪ್ಯಾರಿಸ್‌ಗೆ ಹೋಗಿ ಅಲ್ಲಿ ಮೂರು ರಾತ್ರಿ, 8ರಂದು ರೈಲಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಎರಡು ರಾತ್ರಿ, 10ರಿಂದ ಸ್ವಿಟ್ಜರ್ಲೆಂಡಿನ ಲೂಸರ್ನ್ ಮತ್ತು ಇಂಟರ್‌ಲಾಕನ್‌ಗಳಲ್ಲಿ ಸೇರಿ ನಾಲ್ಕು ರಾತ್ರಿ, 14ರಂದು ವೆನಿಸ್‌ನಲ್ಲಿ ಒಂದು, 15ರಂದು ಫ್ಲಾರೆನ್ಸ್‌ನಲ್ಲಿ ಒಂದು, ಮತ್ತೆ ರೋಮ್‌ನಲ್ಲಿ ಎರಡು ರಾತ್ರಿ ಕಳೆದು 18ರಂದು ರೋಮ್‌ನಿಂದಲೇ ವಾಪಸು.

“ಪ್ಯಾರಿಸ್‌ನಲ್ಲಿ ಇಳಿಯುವುದಲ್ವಾ ಮೇಡಂ, ಹಾಗಾದರೆ ಫ್ರಾನ್ಸ್‌ಗೇ ಹಾಕಿಬಿಡುವ” ಎಂದರು ಅವರು. “ಸ್ವಲ್ಪ ಕೂತ್ಕೊಳ್ಳಿ ಸರ್, ರಾತ್ರಿ ಎಣಿಸಿ ನೋಡುವ” ಎಂದೆ.

ಸಂಹಿತೆಯು ದಿನಗಳ ಲೆಕ್ಕ ಎನ್ನುತ್ತದೆ. ಆದರೆ ಒಂದು ದೇಶ ಬಿಟ್ಟು ಇನ್ನೊಂದನ್ನು ಸೇರುವ ದಿನ ಎರಡೂ ಕಡೆಗೆ ಸೇರುತ್ತದೆಯಾದ್ದರಿಂದ ಗೊಂದಲವಾಗುತ್ತದೆ. ಅರ್ಜಿಯೊಂದಿಗೆ ನಾವು ಕೊಡುವ ಆಧಾರ ಹೋಟೆಲ್ ಬುಕಿಂಗ್, ಅದು ರಾತ್ರಿಗಳ ಲೆಕ್ಕದಲ್ಲಿರುತ್ತದೆ. ಆದ್ದರಿಂದ ನಾನು ಯಾವಾಗಲೂ ಎರಡು ಕಾಲಂ ಬರೆಯುತ್ತೇನೆ: ಒಂದರಲ್ಲಿ ರಾತ್ರಿ, ಇನ್ನೊಂದರಲ್ಲಿ ಕಾಲಿಟ್ಟ ದಿನ. ಈ ಯೋಜನೆಯಲ್ಲಿ ರಾತ್ರಿಗಳ ಪ್ರಕಾರ ಫ್ರಾನ್ಸ್ 3, ನೆದರ್ಲೆಂಡ್ಸ್ 2, ಸ್ವಿಟ್ಜರ್ಲೆಂಡ್ 4, ಇಟಲಿ 4. ದಿನಗಳ ಪ್ರಕಾರ 4, 3, 5, 5. ಎರಡು ಲೆಕ್ಕದಲ್ಲಿಯೂ ಸ್ವಿಟ್ಜರ್ಲೆಂಡ್ ಮತ್ತು ಇಟಲಿ ಸಮವಾಗಿ ನಿಂತವು. ಉದ್ದೇಶ ನಾಲ್ಕೂ ಕಡೆ ಪ್ರವಾಸವೇ ಆದ್ದರಿಂದ ಅದರಿಂದಲೂ ತೀರ್ಮಾನವಾಗುವುದಿಲ್ಲ. ಹಾಗಾದರೆ ನಿಯಮದ ಅಕ್ಷರವನ್ನು ಹಿಡಿದರೆ ಹೊಣೆ ಮೊದಲ ಗಡಿಗೆ, ಅಂದರೆ ಸಮದ ಸ್ಪರ್ಧೆಯಲ್ಲೇ ಇಲ್ಲದ ಫ್ರಾನ್ಸ್‌ಗೆ ಹೋಗುತ್ತದೆ. ಅವರ ಊಹೆಯ ಉತ್ತರವೇ ಬಂದಂತಾಯಿತು, ಆದರೆ ಬೇರೆ ಕಾರಣಕ್ಕೆ, ಮತ್ತು ಬಹಳ ತೆಳುವಾದ ಆಧಾರದ ಮೇಲೆ. ಹೋಟೆಲ್ ಒಂದು ರಾತ್ರಿ ಆಚೆ ಈಚೆ ಆದರೂ ಪ್ರಧಾನ ಗಮ್ಯವೇ ಬದಲಾಗಿಬಿಡುತ್ತದೆ. ಇಂಥ ಅರ್ಜಿಯನ್ನು ನೋಡುವ ಅಧಿಕಾರಿಗೆ, ನಾಲ್ಕು ರಾತ್ರಿಯ ಎರಡು ದೇಶಗಳಿರುವಾಗ ಮೂರು ರಾತ್ರಿಯ ನಮ್ಮ ಬಳಿ ಏಕೆ ಬಂದರು ಎಂಬ ಪ್ರಶ್ನೆ ಏಳುವುದು ಸಹಜ.

ನಾನು ಇಂಥ ಕಡೆ ಕೊಡುವ ಸಲಹೆ, ಸಮಬಲವನ್ನು ವಾದದಿಂದ ಬಿಡಿಸುವ ಬದಲು ಪ್ರವಾಸದಿಂದಲೇ ತೆಗೆದುಹಾಕಬೇಕು ಎಂಬುದು. ಹಾಗೆ ತೆಗೆಯುವಾಗ ಯಾವ ರಾಯಭಾರ ಕಚೇರಿ ಸುಲಭ ಎಂದು ಕೇಳಬಾರದು. ಎಲ್ಲಿ ಒಂದು ದಿನ ಹೆಚ್ಚು ಬೇಕೆನಿಸುತ್ತದೆ ಎಂದು ಕೇಳಬೇಕು. ಫ್ಲಾರೆನ್ಸ್‌ನಲ್ಲಿ ಒಂದೇ ರಾತ್ರಿ ಉಳಿದರೆ ವಸ್ತುಸಂಗ್ರಹಾಲಯ ನೋಡಲು ಸಮಯ ಸಾಲುವುದಿಲ್ಲ ಎಂಬ ಕೊರಗು ಆ ಅಮ್ಮನಿಗೆ ಮೊದಲಿನಿಂದಲೂ ಇತ್ತು. ಸ್ವಿಟ್ಜರ್ಲೆಂಡಿನಲ್ಲಿ ಒಂದು ರಾತ್ರಿ ಕಡಿಮೆ ಮಾಡಿ ಅದನ್ನು ಫ್ಲಾರೆನ್ಸ್‌ಗೆ ಸೇರಿಸಿದೆವು. ಈಗ ರಾತ್ರಿಗಳು ಫ್ರಾನ್ಸ್ 3, ನೆದರ್ಲೆಂಡ್ಸ್ 2, ಸ್ವಿಟ್ಜರ್ಲೆಂಡ್ 3, ಇಟಲಿ 5. ದಿನಗಳಲ್ಲಿ ಇಟಲಿಗೆ 6, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿಗೆ ತಲಾ 4. ಯಾವ ಲೆಕ್ಕ ಹಿಡಿದರೂ ಇಟಲಿಯೇ ಮುಂದೆ. ಅರ್ಜಿ ಇಟಲಿಗೆ ಹೋಯಿತು. ಅರ್ಜಿ ನಮೂನೆಯಲ್ಲಿ ಪ್ರಧಾನ ಗಮ್ಯದ ದೇಶಕ್ಕೂ ಮೊದಲು ಪ್ರವೇಶಿಸುವ ದೇಶಕ್ಕೂ ಬೇರೆ ಬೇರೆ ಅಂಕಣಗಳಿವೆ. ಒಂದರಲ್ಲಿ ಇಟಲಿ, ಇನ್ನೊಂದರಲ್ಲಿ ಫ್ರಾನ್ಸ್ ಎಂದು ಬರೆಯುವುದರಲ್ಲಿ ವಿರೋಧವೇನೂ ಇಲ್ಲ. ಇಟಲಿಯ ವೀಸಾ ಹಿಡಿದು ಪ್ಯಾರಿಸ್‌ನಲ್ಲಿ ಇಳಿದರೆ ತಡೆಯುತ್ತಾರೆ ಎಂಬ ಭಯ ನಮ್ಮ ಕಡೆ ಬಹಳ ಇದೆ. ಮುಂದಿನ ರೈಲು ಟಿಕೆಟು ಮತ್ತು ಇಟಲಿಯ ಹೋಟೆಲ್ ಕಾಗದ ಕೈಚೀಲದಲ್ಲಿದ್ದರೆ ಗಡಿಯ ಅಧಿಕಾರಿ ಕೇಳಿದಾಗ ತೋರಿಸಲು ಅಷ್ಟು ಸಾಕು.

ರಾತ್ರಿ ಎಣಿಸುವಾಗ ಗುಂಪು ಪ್ರವಾಸದವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿ ಒಂದಿದೆ. ಪ್ರವಾಸದ ಕರಪತ್ರದಲ್ಲಿ “ಸ್ವಿಟ್ಜರ್ಲೆಂಡ್, ಮೂರು ರಾತ್ರಿ” ಎಂದಿರುತ್ತದೆ. ಅಲ್ಲಿ ಹೋಟೆಲ್ ದುಬಾರಿಯಾದ್ದರಿಂದ ಎಷ್ಟೋ ಸಲ ತಂಗುವ ಊರು ಗಡಿಯಾಚೆ ಫ್ರಾನ್ಸ್‌ನಲ್ಲೋ ಜರ್ಮನಿಯಲ್ಲೋ ಆಸ್ಟ್ರಿಯಾದಲ್ಲೋ ಇರುತ್ತದೆ. ಬಾಸೆಲ್ ಸಮೀಪದ ಮುಲೂಸ್, ಜಿನೀವಾದ ಪಕ್ಕದ ಆನ್‌ಮಾಸ್ ಇಂಥ ಊರುಗಳು. ಎರಡೂ ಫ್ರಾನ್ಸ್‌ಗೆ ಸೇರಿದವು. ಕರಪತ್ರದ ಶೀರ್ಷಿಕೆ ನೋಡಿ ಸ್ವಿಟ್ಜರ್ಲೆಂಡಿಗೆ ಅರ್ಜಿ ಹಾಕಿ, ಕೊಟ್ಟ ವೋಚರ್‌ಗಳಲ್ಲಿ ಮಾತ್ರ ಫ್ರಾನ್ಸ್‌ನ ವಿಳಾಸಗಳಿದ್ದರೆ ಅರ್ಜಿಯೇ ತನ್ನ ವಿರುದ್ಧ ಸಾಕ್ಷಿ ಹೇಳಿದಂತೆ. ಅದಕ್ಕಾಗಿ ನಾನು ಹೋಟೆಲಿನ ಹೆಸರಿನ ಮೇಲೆ ಭರವಸೆ ಇಡದೆ ಪ್ರತಿ ವೋಚರ್‌ನಲ್ಲೂ ಪಿನ್‌ಕೋಡ್ ಮತ್ತು ದೇಶದ ಹೆಸರಿನ ಸಾಲನ್ನು ಓದುತ್ತೇನೆ. ವ್ಯಾಟಿಕನ್‌ಗೆ ಪ್ರತ್ಯೇಕ ಗಡಿ ತಪಾಸಣೆಯಿಲ್ಲ, ರೋಮ್‌ನ ದಿನದಲ್ಲೇ ಅದು ಮುಗಿಯುತ್ತದೆ. ಆದರೆ ನಡುವೆ ಲಂಡನ್‌ನಲ್ಲಿರುವ ಮಗಳ ಮನೆಗೆ ಹೋಗಿ ಮತ್ತೆ ಆಮ್‌ಸ್ಟರ್‌ಡ್ಯಾಮ್‌ಗೆ ಬರುವವರು ಬ್ರಿಟನ್ನಿನ ದಿನಗಳನ್ನು ಬಿಟ್ಟು, ಅದರ ಹಿಂದಿನ ಮತ್ತು ಮುಂದಿನ ಷೆಂಗೆನ್ ದಿನಗಳನ್ನು ಒಟ್ಟಿಗೆ ಎಣಿಸಬೇಕು. ಎರಡು ತಿಂಗಳೊಳಗಿನ ಬಿಡಿ ಭೇಟಿಗಳನ್ನು ಹೀಗೆ ಕೂಡಿಸಿಯೇ ನೋಡಬೇಕೆಂದು ನಿಯಮವಿದೆ. ಒಮ್ಮೆ ಹೊರಗೆ ಹೋಗಿ ಮರಳುವುದರಿಂದ ಅರ್ಜಿಯಲ್ಲಿ ಎರಡು ಪ್ರವೇಶಗಳನ್ನು ಕೇಳುವುದನ್ನೂ ಮರೆಯಬಾರದು.

ರಾತ್ರಿಗಳ ಲೆಕ್ಕ ಹಿಂದೆ ಸರಿಯುವ ಸಂದರ್ಭ ಉದ್ದೇಶಕ್ಕೆ ಸಂಬಂಧಿಸಿದ್ದು. ಮಣಿಪಾಲದ ಅಧ್ಯಾಪಕರೊಬ್ಬರು ವಿಯೆನ್ನಾದಲ್ಲಿ ಮೂರು ದಿನಗಳ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಲು ಹೊರಟು, ಅದು ಮುಗಿದ ಬಳಿಕ ನಾಲ್ಕು ದಿನ ಇಟಲಿ ನೋಡಿ ಬರಬೇಕೆಂದುಕೊಂಡಿದ್ದರು. ಎಣಿಸಿದರೆ ಇಟಲಿ ದೊಡ್ಡದು. ಆದರೆ ಆಹ್ವಾನ ಪತ್ರ ವಿಯೆನ್ನಾದ್ದು, ಕಾಲೇಜು ರಜೆ ಕೊಟ್ಟದ್ದು ಸಮ್ಮೇಳನಕ್ಕೆ, ಟಿಕೆಟಿನ ಹಣ ಬಂದದ್ದೂ ಅದಕ್ಕೇ. ಸಮ್ಮೇಳನ ರದ್ದಾದರೆ ಈ ಪ್ರಯಾಣ ಇರುತ್ತದೆಯೇ ಎಂದು ನಾನು ಕೇಳಿದೆ, ಇರುವುದಿಲ್ಲ ಎಂದರು. ಹಾಗಿದ್ದಲ್ಲಿ ಪ್ರಧಾನ ಗಮ್ಯ ಆಸ್ಟ್ರಿಯಾ, ಇಟಲಿ ಅದಕ್ಕೆ ಸೇರಿಕೊಂಡ ಭಾಗ. ಇದನ್ನು ಜೊತೆಯ ಪತ್ರದಲ್ಲಿ ಎರಡು ವಾಕ್ಯಗಳಲ್ಲಿ ವಿವರಿಸಿ ಬರೆಯುವುದು ಅಗತ್ಯ, ಏಕೆಂದರೆ ಕಾರಣ ಗೊತ್ತಿಲ್ಲದೆ ಬರೀ ರಾತ್ರಿಗಳನ್ನು ಎಣಿಸಿದವರಿಗೆ ಆಯ್ಕೆ ತಪ್ಪೆಂದು ತೋರುತ್ತದೆ.

ಬೇಸಿಗೆಯ ಹೊತ್ತಿಗೆ ಕಷ್ಟ ಬರುವುದು ಅಪಾಯಿಂಟ್‌ಮೆಂಟ್‌ಗಳಿಂದ. ಬೇಕಾದ ದೇಶಕ್ಕೆ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ದಿನಾಂಕ ಸಿಗುವುದಿಲ್ಲ, ಬೇರೊಂದು ದೇಶಕ್ಕೆ ಮುಂದಿನ ವಾರವೇ ಇದೆ ಎಂದು ತಿಳಿಯುತ್ತದೆ. ಆಗ, ಆ ದೇಶದಲ್ಲಿ ಐದು ರಾತ್ರಿಯ ಹೋಟೆಲನ್ನು ಸುಮ್ಮನೆ ಬುಕ್ ಮಾಡಿ ವೀಸಾ ಬಂದ ಮೇಲೆ ರದ್ದು ಮಾಡಬಹುದಲ್ಲವೇ ಎಂದು ಕೇಳುತ್ತಾರೆ. ನಾನು ಇದನ್ನು ಮಾಡಿಕೊಡುವುದಿಲ್ಲ. ಅಲ್ಲಿನ ಅಧಿಕಾರಿಗಳು ಹೋಟೆಲಿಗೆ ಕೇಳಿ ಖಚಿತಪಡಿಸಿಕೊಳ್ಳಬಹುದು. ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ ಎಂಬುದು ನಿರಾಕರಣೆಯ ಮುದ್ರಿತ ನಮೂನೆಯಲ್ಲಿಯೇ ಇರುವ ಕಾರಣ. ಹಾಗೆ ನಿರಾಕರಿಸಿದ ದಾಖಲೆ ಷೆಂಗೆನ್ ದೇಶಗಳ ಸಾಮಾನ್ಯ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಉಳಿಯುತ್ತದೆ ಮತ್ತು ಮುಂದಿನ ಸಲ ಯಾವ ದೇಶಕ್ಕೆ ಅರ್ಜಿ ಹಾಕಿದರೂ ಕಾಣಿಸುತ್ತದೆ. ವಂಚನೆಯಿಂದ ಪಡೆದದ್ದೆಂದು ತಿಳಿದರೆ ಕೊಟ್ಟ ವೀಸಾವನ್ನೂ ರದ್ದುಮಾಡುವ ಅಧಿಕಾರವಿದೆ. ಪ್ರಾಮಾಣಿಕವಾಗಿ ತಪ್ಪು ದೇಶಕ್ಕೆ ಹಾಕಿದವರ ಸ್ಥಿತಿ ಇಷ್ಟು ಕೆಟ್ಟದ್ದಲ್ಲ: ತನ್ನ ಹೊಣೆಯಲ್ಲ ಎಂದು ಕಂಡ ದೂತಾವಾಸವು ಕಾಗದಗಳನ್ನೂ ವೀಸಾ ಶುಲ್ಕವನ್ನೂ ಮರಳಿಸಿ, ಹೋಗಬೇಕಾದ ಕಚೇರಿ ಯಾವುದೆಂದು ತಿಳಿಸಬೇಕೆಂದು ಸಂಹಿತೆಯ 18ನೇ ವಿಧಿ ಹೇಳುತ್ತದೆ. ಆದರೆ ಕಳೆದುಹೋದ ವಾರಗಳು ಮರಳಿ ಬರುವುದಿಲ್ಲ.

ಸಮಯದ ಒತ್ತಡವೇ ಮೂಲವಾದ್ದರಿಂದ ಸಮಯದಿಂದಲೇ ಅದನ್ನು ಸರಿಪಡಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಲು ಅವಕಾಶವಿದೆ. ಕಡೆಯ ಗಡುವು ಹೊರಡುವುದಕ್ಕೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಗಳವರೆಗೂ ಹೋಗಬಹುದು. ಮೇ ತಿಂಗಳ ಪ್ರವಾಸಕ್ಕೆ ನಾನು ಜನವರಿಯಲ್ಲೇ ರಾತ್ರಿಗಳ ಪಟ್ಟಿ ಅಂತಿಮಗೊಳಿಸಿ ಅಪಾಯಿಂಟ್‌ಮೆಂಟ್ ಹುಡುಕಲು ತೊಡಗುತ್ತೇನೆ. ಬೆರಳಚ್ಚು ಕೊಡಲು ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕಾದ ಹಿರಿಯರಿಗೆ, ಹಿಂದಿನ 59 ತಿಂಗಳಲ್ಲಿ ಷೆಂಗೆನ್ ವೀಸಾಕ್ಕಾಗಿ ಬೆರಳಚ್ಚು ಕೊಟ್ಟಿದ್ದರೆ ಅದನ್ನೇ ಬಳಸಿಕೊಳ್ಳುವ ಅವಕಾಶವಿದೆ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳುತ್ತೇನೆ.

ಉಡುಪಿಯ ದಂಪತಿಗೆ ವಿಮೆಯನ್ನು ಇಟಲಿಗೆ ಮಾತ್ರ ಮಾಡಿಸದೆ, ಇಡೀ ಷೆಂಗೆನ್ ಪ್ರದೇಶಕ್ಕೆ, ಕನಿಷ್ಠ 30,000 ಯೂರೋ ಮೊತ್ತಕ್ಕೆ, ಮೇ 5ರಿಂದ 18ರವರೆಗೆ ಮಾಡಿಸಿದೆವು. ಪಾಸ್‌ಪೋರ್ಟ್ ಕೈಗೆ ಬಂದಾಗ ಸ್ಟಿಕ್ಕರಿನಲ್ಲಿ ನೋಡಬೇಕಾದದ್ದು ಮೂರು: ವೀಸಾ ಒಂದೇ ದೇಶಕ್ಕೆ ಸೀಮಿತವಾಗದೆ ಎಲ್ಲ ಷೆಂಗೆನ್ ದೇಶಗಳಿಗೂ ಸಲ್ಲುತ್ತದೆಯೇ, ಎಷ್ಟು ಸಲ ಪ್ರವೇಶಿಸಬಹುದು, ಎಷ್ಟು ದಿನ ಇರಬಹುದು. ದಿನಗಳನ್ನು ಓದುವಾಗ ಇಳಿಯುವ ದಿನವನ್ನೂ ಹೊರಡುವ ದಿನವನ್ನೂ ಸೇರಿಸಿಯೇ ಎಣಿಸಬೇಕು. 13 ರಾತ್ರಿಗಳ ಅವರ ಪ್ರವಾಸಕ್ಕೆ ಸ್ಟಿಕ್ಕರಿನಲ್ಲಿ ಕನಿಷ್ಠ 14 ದಿನ ಇರಲೇಬೇಕಾಗಿತ್ತು. ಅದಕ್ಕಿಂತ ಕಡಿಮೆ ಕಂಡಿದ್ದರೆ ವಿಮಾನ ಹತ್ತುವ ಮೊದಲೇ ಅರ್ಜಿ ಕೇಂದ್ರಕ್ಕೆ ಬರೆದು ಸರಿಪಡಿಸಿಕೊಳ್ಳಬೇಕಾಗುತ್ತಿತ್ತು.