ಎಪ್ಪತ್ತು ಅಕ್ಷರದಲ್ಲಿ ಹೊಳೆಯ ಸುದ್ದಿ: ಕೆಲಸ ಎಲ್ಲಿಗೆ ಬಂತು

ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ನಮ್ಮ ನೆಂಟರ ಹೊಲಗಳಿವೆ. ಅಲ್ಲಿ ಕೀಪ್ಯಾಡ್ ಫೋನ್ ಇಟ್ಟುಕೊಂಡಿರುವ ರೈತರು ಇನ್ನೂ ಇದ್ದಾರೆ. ಮಳೆಗಾಲದಲ್ಲಿ ಆಲಮಟ್ಟಿಯ ನೀರಿನ ಸುದ್ದಿ ಪತ್ರಿಕೆಯಲ್ಲಿ ಅರ್ಧ ಪುಟ ಬರುತ್ತದೆ. ಅದನ್ನು ಒಂದೇ ಎಸ್ಸೆಮ್ಮೆಸ್‌ಗೆ ಇಳಿಸಿ ಅವರಿಗೆ ಕಳಿಸುವುದು ನನ್ನ ಈ ಕೆಲಸ. ಹೊಳೆ ಏರುವ ಮೊದಲು ಅವರು ದಂಡೆಯ ಮೋಟರ್ ತೆಗೆದು ಮೇಲೆ ಸಾಗಿಸಬೇಕು. ಸುದ್ದಿ ತಡವಾದರೆ ಮೋಟರ್ ನೀರು ಪಾಲು.

ಮೊದಲು ಮಿತಿಯ ವಿಷಯ. ಒಂದು ಎಸ್ಸೆಮ್ಮೆಸ್‌ನಲ್ಲಿ ಇರುವ ಜಾಗ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ ಯೂನಿಕೋಡ್ ಬೇಕು, ಒಂದೊಂದಕ್ಕೆ 2 ಬೈಟ್ ಹೋಗುತ್ತದೆ, ಉಳಿಯುವುದು 70. ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸಂದೇಶಕ್ಕೆ 70ರ ಲೆಕ್ಕವೇ. 71 ಆಯಿತೋ, ಸಂದೇಶ ಎರಡು ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಮಾಹಿತಿಗೆ 6 ಬೈಟ್ ಹೋಗುವುದರಿಂದ ಪ್ರತಿ ತುಂಡಿಗೆ 67 ಮಾತ್ರ ಸಿಗುತ್ತದೆ. ಒಂದು ತುಂಡು ಹಿಂದೆ ಬಿದ್ದರೆ ಸುದ್ದಿಯೂ ಅರ್ಧವೇ. ಅದಕ್ಕೇ ಒಂದೇ ತುಂಡು ಅಂತ ಗಟ್ಟಿ ಮಾಡಿಕೊಂಡೆ.

ಆದರೆ ಈ 70 ನಾವು ಕಣ್ಣಿಂದ ಎಣಿಸುವ ಅಕ್ಷರವಲ್ಲ. ‘ಆಲಮಟ್ಟಿ’ ನೋಡಲು ನಾಲ್ಕು ಅಕ್ಷರ, ಫೋನಿನ ಲೆಕ್ಕದಲ್ಲಿ ಏಳು. ಕೊನೆಯ ಒಂದು ಅಕ್ಷರದಲ್ಲೇ ಟ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಟ, ಗುಡಿಸು ಅಂತ ನಾಲ್ಕು ಸೇರಿವೆ. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಜಾಗ ಬೇಗ ಮುಗಿಯುತ್ತದೆ. ‘ಪಂಪ್‌ಸೆಟ್’ನಲ್ಲಿ ಪ್ ಮತ್ತು ಸೆ ಕೂಡಿಕೊಳ್ಳದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಎಲ್ಲ ಸೇರಿ ಒಂಬತ್ತು. ‘ಮೋಟರ್’ಗೆ ಐದು ಸಾಕು, ದಂಡೆಯ ಜನ ಆಡುವ ಮಾತೂ ಅದೇ. ಇನ್ನೊಂದು ಸಣ್ಣ ಸಂಗತಿ: ‘ೋ’ ಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ಚೂರಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಮೊದಲು ಒಂದುಗೂಡಿಸಿ, ಆಮೇಲೆ ಎಣಿಸುತ್ತೇನೆ:

```python
import unicodedata
s = input()
s = unicodedata.normalize("NFC", s)
print(len(s.encode("utf-16-le")) // 2)
```

ಹೀಗೆ ಒಂದುಗೂಡಿದ ಪಠ್ಯವನ್ನೇ ಕಳಿಸಬೇಕು, ಮೊದಲಿನದನ್ನಲ್ಲ.

ಈ ಸಲ ಕೂತು ಮಾಡಿದ ಮುಖ್ಯ ಕೆಲಸ ಒಂದು ಮಾದರಿ ವರದಿಯನ್ನು ಕಡೆಯವರೆಗೂ ಇಳಿಸಿ ನೋಡಿದ್ದು. ವರದಿ ನಾನೇ ಬರೆದುಕೊಂಡದ್ದು, ಅಂಕಿಗಳು ಅಭ್ಯಾಸಕ್ಕೆ ಹಾಕಿಕೊಂಡವು. ಅದರಲ್ಲಿ ಇದ್ದದ್ದು ಇಷ್ಟು. ಕೊಯ್ನಾ ಕಡೆ ಮಳೆ ಜೋರಾಗಿದೆ. ಆಲಮಟ್ಟಿಗೆ ಒಳಹರಿವು 1.3 ಲಕ್ಷ ಕ್ಯುಸೆಕ್, ಈಗಿನ ಹೊರಹರಿವು 80 ಸಾವಿರ. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್, ಸಾಮರ್ಥ್ಯ 123.08 ಟಿಎಂಸಿ. 12ರ ರಾತ್ರಿ 8ರಿಂದ ಹೊರಹರಿವನ್ನು ಹಂತ ಹಂತವಾಗಿ 1.5 ಲಕ್ಷದವರೆಗೆ ಹೆಚ್ಚಿಸುವ ಸಾಧ್ಯತೆ ಇದೆ. ದಂಡೆಯವರು ಸಂಜೆಯೊಳಗೆ ಪಂಪ್‌ಸೆಟ್ ತೆರವು ಮಾಡಬೇಕು. ಇದರ ಜೊತೆ ಅಧಿಕಾರಿಗಳ ಭೇಟಿ, ಹೋದ ವರ್ಷದ ಹೋಲಿಕೆ, ಹೀಗೆ ಇನ್ನೂ ಸಾಕಷ್ಟು.

ತಲೆಬರಹದ ಧಾಟಿಯಲ್ಲಿ ಬರೆದರೆ ಹೀಗೆ ಬರುತ್ತದೆ:

‘ಆಲಮಟ್ಟಿ ಜಲಾಶಯದಿಂದ ಕೃಷ್ಣಾ ನದಿಗೆ 1.5 ಲಕ್ಷ ಕ್ಯುಸೆಕ್ ನೀರು ಬಿಡುಗಡೆ. ನದಿ ಪಾತ್ರದ ಜನರು ಎಚ್ಚರದಿಂದಿರಲು ಸೂಚನೆ’

ಇದು 98. ಆದರೆ ಉದ್ದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ದಂಡೆಯಲ್ಲೇ ಹೊಲ ಇರುವ ನಮ್ಮ ಕಾಕಾಗೆ ವರದಿ ತೋರಿಸದೆ ಬರೀ ಈ ಸಾಲನ್ನು ಓದಿ ಹೇಳಿದೆ. ಅವರು ಕೇಳಿದ ಮೊದಲ ಮಾತು, “ಬಿಟ್ಟಾರೋ, ಬಿಡಾವ್ರು ಅದಾರೋ?” ಎರಡನೆಯದು, “ಯಾವಾಗಂತ ಇಲ್ಲಲ್ಲೋ ತಮ್ಮಾ?” ವರದಿಯಲ್ಲಿದ್ದ ‘ಸಾಧ್ಯತೆ’ ಇಲ್ಲಿ ‘ಬಿಡುಗಡೆ’ ಆಗಿಬಿಟ್ಟಿದೆ. ಹೊತ್ತು ಪೂರ್ತಿ ಮಾಯ. ‘ಎಚ್ಚರದಿಂದಿರಲು’ ಎಂಬುದಕ್ಕೆ 13 ಅಕ್ಷರ ಹೋಗಿದೆ, ಆದರೆ ಏನು ಮಾಡಬೇಕು ಅಂತ ಅದು ಹೇಳುವುದೇ ಇಲ್ಲ.

ಕಾಕಾ ಕೇಳಿದ್ದನ್ನೇ ಹಿಡಿದು ಮತ್ತೆ ಬರೆಯಲು ಕೂತೆ. ಓದಿದವರು ಈ ಹೊತ್ತು ಮಾಡಬೇಕಾದ ಕೆಲಸ, ಯಾವಾಗ, ಎಷ್ಟು ಖಚಿತ. ಈ ಮೂರಕ್ಕೆ ಮೊದಲ ಜಾಗ. ಒಳಹರಿವು ಪೂರ್ತಿ ಬಿಟ್ಟೆ. ಅವಸರದಲ್ಲಿ 1.3ನ್ನು 1.5ರ ಜಾಗದಲ್ಲಿ ಬರೆದುಬಿಡುವ ಅಪಾಯವೂ ಅಲ್ಲಿಗೆ ತಪ್ಪಿತು. ‘ಕೃಷ್ಣಾ ನದಿ’ ಬೇಡ, ಅವರ ಮನೆ ಮುಂದಿನ ಹೊಳೆ ಅದು. ‘ಕ್ಯುಸೆಕ್’ ಕೂಡ ಬಿಟ್ಟೆ. ಇಲ್ಲಿ ‘ಒಂದೂವರೆ ಲಕ್ಷ’ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಬೇರೆ ಊರಿನ ಓದುಗರಿಗೆ ಕಳಿಸುವುದಾದರೆ ಅಳತೆ ಬಿಡುವಂತಿಲ್ಲ.

‘ಇಂದು’ ಎಂಬ ಮಾತನ್ನು ನಾನು ಬಳಸುವುದೇ ಇಲ್ಲ. ಫೋನ್ ಆಫ್ ಇದ್ದರೆ, ಸಿಗ್ನಲ್ ಇಲ್ಲದಿದ್ದರೆ ಎಸ್ಸೆಮ್ಮೆಸ್ ಕಾದು ಕೂತು ಆಮೇಲೆ ಬರುತ್ತದೆ. ಮರುದಿನ ಬೆಳಿಗ್ಗೆ ಓದಿದವರಿಗೆ ‘ಇಂದು ರಾತ್ರಿ’ ಅಂದರೆ ಯಾವ ರಾತ್ರಿ? ತಾರೀಖು ಬರೆದರೆ ಆ ಗೊಂದಲ ಇಲ್ಲ, ‘12ರ’ ಅಂದರೆ ಬರೀ ಮೂರು.

ಆಗ ಸಿಕ್ಕಿದ್ದು:

‘12ರ ರಾತ್ರಿ 8ರಿಂದ ಆಲಮಟ್ಟಿಯಿಂದ 1.5 ಲಕ್ಷ ಬಿಡಬಹುದು. ಸಂಜೆಯೊಳಗೆ ಮೋಟರ್ ತೆಗೀರಿ’

ಸರಿಯಾಗಿ 70. ‘ಸಾಧ್ಯತೆ’ ಈಗ ‘ಬಿಡಬಹುದು’ ಒಳಗೆ ಸೇರಿಕೊಂಡಿದೆ, ಕೆಲಸ ಏನೆಂದೂ ಗೊತ್ತಾಗುತ್ತದೆ. ಆದರೆ 70ಕ್ಕೆ 70 ನನಗೆ ಒಪ್ಪಿಗೆಯಿಲ್ಲ. ಕಾಪಿ ಮಾಡುವಾಗ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡರೂ 71 ಆಗುತ್ತದೆ. ಅಲ್ಲದೆ ‘ವರೆಗೆ’ ಎಂಬ ಮಾತು ಬಿದ್ದುಹೋಗಿದೆ. ರಾತ್ರಿ ಎಂಟಕ್ಕೇ ಒಂದೂವರೆ ಲಕ್ಷ ನೀರು ಒಟ್ಟಿಗೆ ಬರುತ್ತದೆ ಅನ್ನುವ ಹಾಗೆ ಇದು ಕೇಳುತ್ತದೆ, ವರದಿ ಹೇಳಿದ್ದು ಹಾಗಲ್ಲ.

ಇಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬೇಕಿತ್ತು. ಸಂಜೆಯೊಳಗೆ ಮೋಟರ್ ಮೇಲೆ ಬಂದಿರಬೇಕು ಅಂದ ಮೇಲೆ ಗಂಟೆ ಎಂಟೋ ಒಂಬತ್ತೋ, ರೈತರು ಮಾಡುವ ಕೆಲಸ ಬದಲಾಗುವುದಿಲ್ಲ, ಅಲ್ವಾ? ಗಂಟೆ ತೆಗೆದರೆ ಖಾಲಿ ಜಾಗ ಸೇರಿ 6 ಉಳಿಯುತ್ತದೆ. ‘ಲಕ್ಷದವರೆಗೆ’ ಅಂದರೆ ಆ ಆರೂ ಮುಗಿದು ಮತ್ತೆ 70. ‘ಲಕ್ಷ ತನಕ’ ಅಂದರೆ ನಾಲ್ಕೇ:

‘12ರ ರಾತ್ರಿ ಆಲಮಟ್ಟಿಯಿಂದ 1.5 ಲಕ್ಷ ತನಕ ಬಿಡಬಹುದು. ಸಂಜೆಯೊಳಗೆ ಮೋಟರ್ ತೆಗೀರಿ’

68. ಕಾಕಾಗೆ ಓದಿ, ನಿಮಗೆ ಏನು ತಿಳಿಯಿತು ಹೇಳಿ ಅಂದೆ. “ಹನ್ನೆರಡಕ್ಕ ಹೊಳಿ ಏರಬಹುದು. ಎಷ್ಟಂತ ಪಕ್ಕಾ ಇಲ್ಲ, ಒಂದೂವರೆ ದಾಟಂಗಿಲ್ಲ. ಹೊತ್ತು ಮುಳುಗೂದರೊಳಗ ಮೋಟರ್ ಎತ್ತಬೇಕು” ಅಂದರು. ಅದನ್ನು ವರದಿಯ ಪಕ್ಕ ಇಟ್ಟು ನೋಡಿದೆ. ‘ದಾಟಂಗಿಲ್ಲ’ ಎಂಬಷ್ಟು ಖಾತ್ರಿ ವರದಿಯಲ್ಲಿ ಇಲ್ಲ, ಮೇಲೆ ಮಳೆ ಜಾಸ್ತಿಯಾದರೆ ಅಂಕಿ ಬದಲಾಗಬಹುದು. ಅದನ್ನೂ ಇದೇ 68ರೊಳಗೆ ತುರುಕಲು ಹೋಗಲಿಲ್ಲ. ಅಂಕಿ ಬದಲಾದ ತಕ್ಷಣ ಇನ್ನೊಂದು ಎಸ್ಸೆಮ್ಮೆಸ್ ಹೋಗಬೇಕು ಅಂತ ಕ್ರಮ ಹಾಕಿಕೊಂಡೆ. ಅದರ ಮೊದಲ ಮಾತು ‘ಬದಲು:’ ಎಂದಿರುತ್ತದೆ.

ಕೆಲವರ ಹಳೆಯ ಫೋನಿನಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ. ಅವರಿಗೆ ಎಸ್ಸೆಮ್ಮೆಸ್ ಬೇಡ, ಫೋನ್ ಮಾಡಿಯೇ ಹೇಳಬೇಕು. ಆ ಪಟ್ಟಿ ಬೇರೆ ಮಾಡುತ್ತಿದ್ದೇನೆ.

ಮುಂದಿನ ಕೆಲಸ ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆಯ ಹಿನ್ನೀರಿನ ಊರುಗಳದು. ವರದಿ ಅದೇ, ಬೇಕಾದ ಅಂಕಿ ಮಾತ್ರ ಬೇರೆ. ಆಣೆಕಟ್ಟಿನ ಕೆಳಗಿನವರಿಗೆ ಹೊರಹರಿವು ಮುಖ್ಯ, ಮೇಲಿನವರಿಗೆ ಜಲಾಶಯದ ಮಟ್ಟ ಮುಖ್ಯ. ನಾನು ಇಲ್ಲಿ ಕಿತ್ತುಹಾಕಿದ ಮೀಟರ್ ಲೆಕ್ಕವೇ ಅಲ್ಲಿ ಮೊದಲ ಸಾಲಿಗೆ ಬರಬೇಕು. ಇಂದಿನ ಮಟ್ಟ, ಗರಿಷ್ಠ ಮಟ್ಟ ಎರಡೂ ಬರೆದರೆ ಜಾಗ ಸಾಲುವುದಿಲ್ಲ. ‘ತುಂಬಲು ಇನ್ನು ಅರ್ಧ ಮೀಟರ್’ ಎಂಬ ಧಾಟಿಯಲ್ಲಿ ಬರೆದು ನೋಡುತ್ತಿದ್ದೇನೆ. ಅದನ್ನು ಓದಿಸಿ ಕೇಳಲು ಅಲ್ಲಿ ಹೊಲ ಇರುವ ಒಬ್ಬರನ್ನು ಹುಡುಕಬೇಕು.