ಓಪನ್ ರೇಟ್ ಏರಿತು, ಸಪೋರ್ಟ್ ಕ್ಯೂ ತುಂಬಿತು

ಇಮೇಲ್ ಕ್ಯಾಂಪೇನ್ ಹೊರಟು ಅರ್ಧ ಗಂಟೆಯೂ ಆಗಿರಲಿಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಓಪನ್ ರೇಟ್, ಅಂದರೆ ಮೇಲ್ ತೆರೆದವರ ಪ್ರಮಾಣ, ಮಾಮೂಲಿಗಿಂತ ಬಹಳ ಮೇಲೆ ಹೋಗಿತ್ತು. ಮ್ಯಾನೇಜರ್ ಗ್ರೂಪ್‌ನಲ್ಲಿ ಚಪ್ಪಾಳೆ ಹಾಕಿದರು. ಅಷ್ಟರಲ್ಲಿ ಸಪೋರ್ಟ್‌ನವರಿಂದ ಮೆಸೇಜು: "ಏನು ಕಳಿಸಿದ್ರಿ? ನಮ್ಮ ಖಾತೆಗೆ ಏನಾಗಿದೆ ಅಂತ ಎಲ್ಲರೂ ಕೇಳ್ತಿದ್ದಾರೆ." ಕಳಿಸಿದ್ದ ಸಬ್ಜೆಕ್ಟ್ ಲೈನ್ ಇದು:

Re: ತುರ್ತು!! ನಿಮ್ಮ ಖಾತೆ – ಕೊನೆಯ ಅವಕಾಶ!!! 2 ತಿಂಗಳು ಸಂಪೂರ್ಣ ಉಚಿತ 🔥🔥

ಮೇಲ್ ಒಳಗಿದ್ದ ವಿಷಯ ಇಷ್ಟೇ: ತಿಂಗಳ ಪ್ಲಾನ್‌ನಲ್ಲಿರುವವರು 30ನೇ ತಾರೀಕಿನೊಳಗೆ ವಾರ್ಷಿಕ ಪ್ಲಾನ್‌ಗೆ ಬಂದರೆ 10 ತಿಂಗಳ ಹಣಕ್ಕೆ 12 ತಿಂಗಳ ಬಳಕೆ. ಒಳ್ಳೆಯ ಆಫರೇ. ಅದನ್ನು ಮುಚ್ಚಿಟ್ಟು ಕೂಗಿದ್ದೇ ತಪ್ಪು.

ಇಂಥ ಸಾಲನ್ನು ತಿದ್ದಲು ಕೂತಾಗ ಹೆಚ್ಚಿನವರು ಮೊದಲು ಮಾಡುವುದು "ಸ್ಪ್ಯಾಮ್ ಪದಗಳ ಪಟ್ಟಿ" ಹುಡುಕಿ "ಉಚಿತ" ಎಂಬುದನ್ನು ಅಳಿಸುವುದು. ಅದರಿಂದ ಹೆಚ್ಚೇನೂ ಆಗದು. ಈಗಿನ ಫಿಲ್ಟರ್‌ಗಳು ಒಂದು ಪದ ಕಂಡ ಮಾತ್ರಕ್ಕೆ ಮೇಲ್ ತಳ್ಳಿಹಾಕುವುದಿಲ್ಲ. ಕಳಿಸುವ ಡೊಮೇನ್‌ನ ಹಿಂದಿನ ನಡತೆ, ಜನ ಎಷ್ಟು ಸಲ ಸ್ಪ್ಯಾಮ್ ಎಂದು ದೂರು ಒತ್ತಿದ್ದಾರೆ ಎಂಬುದಕ್ಕೆ ಹೆಚ್ಚು ತೂಕ. ಸ್ಪ್ಯಾಮ್‌ಅಸಾಸಿನ್‌ನಂಥ ಹಳೆಯ ನಿಯಮಾಧಾರಿತ ಫಿಲ್ಟರ್ ಕೂಡ ಪ್ರತಿ ಲಕ್ಷಣಕ್ಕೂ ಅಂಕ ಕೊಟ್ಟು, ಒಟ್ಟು 5 ಮುಟ್ಟಿದರೆ ಮಾತ್ರ ಸ್ಪ್ಯಾಮ್ ಅನ್ನುತ್ತದೆ. ಅದು ಅದರ ಮಾಮೂಲಿ ಮಿತಿ. "ಉ.ಚಿ.ತ" ಎಂದು ಚುಕ್ಕಿ ಇಟ್ಟು ನುಸುಳಿಸುವುದಂತೂ ಇನ್ನೂ ಕೆಟ್ಟದ್ದು. ವೇಷ ಹಾಕಿದ ಪದ ಸ್ಪ್ಯಾಮರ್‌ಗಳ ಹಳೆಯ ಗುರುತು.

ಹಾಗಾಗಿ ಪದಗಳನ್ನು ಬಿಟ್ಟು, ಸಾಲು ಏನೇನು ಹೇಳಿಕೊಳ್ಳುತ್ತಿದೆ ಎಂದು ಬಿಡಿಸಿ ನೋಡಬೇಕು. ಮೇಲಿನ ಸಾಲಿನಲ್ಲಿ ಐದು ಮಾತುಗಳಿವೆ. `Re:` ಅಂದರೆ ಇದು ನೀವು ಮೊದಲು ಬರೆದದ್ದಕ್ಕೆ ಉತ್ತರ, ಸುಳ್ಳು. "ತುರ್ತು" ಅಂದರೆ ತಡಮಾಡಿದರೆ ನಷ್ಟವಾಗುತ್ತದೆ, ಸುಳ್ಳು. "ನಿಮ್ಮ ಖಾತೆ" ಎಂಬುದು ತುರ್ತಿನ ಪಕ್ಕದಲ್ಲಿ ಕೂತು ಖಾತೆಗೆ ಏನೋ ತೊಂದರೆ ಎಂಬ ಅರ್ಥ ಹುಟ್ಟಿಸುತ್ತದೆ. ಸಪೋರ್ಟ್ ಕ್ಯೂ ತುಂಬಿದ್ದು ಇದರಿಂದಲೇ. "ಕೊನೆಯ ಅವಕಾಶ" ಎನ್ನಲು ಮುಂದೆ ಈ ಆಫರ್ ಬರುವುದಿಲ್ಲವೆಂದು ಯಾರಾದರೂ ಹೇಳಬೇಕಿತ್ತು, ಯಾರೂ ಹೇಳಿರಲಿಲ್ಲ. "2 ತಿಂಗಳು ಸಂಪೂರ್ಣ ಉಚಿತ" ಅರ್ಧ ನಿಜ: 10 ತಿಂಗಳ ಹಣ ಒಟ್ಟಿಗೆ ಕಟ್ಟಿದ ಮೇಲಿನ ಉಚಿತ ಅದು. ಬೆಂಕಿ ಚಿತ್ರಗಳೂ ಉದ್ಗಾರ ಚಿಹ್ನೆಗಳೂ ಏನನ್ನೂ ಹೇಳುವುದಿಲ್ಲ, ಜಾಗ ತಿನ್ನುತ್ತವೆ ಅಷ್ಟೆ.

ಸುಳ್ಳಾದದ್ದನ್ನೆಲ್ಲ ತೆಗೆದರೆ ಉಳಿಯುವುದು ಆ ಅರ್ಧ ನಿಜ. ಅದಕ್ಕೆ ಷರತ್ತನ್ನು ಸೇರಿಸಿ ಪೂರ್ತಿ ನಿಜ ಮಾಡಿದರೆ ಹೊಸ ಸಾಲು ಸಿಕ್ಕಿತು:

10 ತಿಂಗಳ ಹಣಕ್ಕೆ 12 ತಿಂಗಳು: ವಾರ್ಷಿಕ ಪ್ಲಾನ್, 30ರವರೆಗೆ

ಇದರಲ್ಲಿ ಕ್ರಮವೂ ಮುಖ್ಯ. ಫೋನಿನ ಇನ್‌ಬಾಕ್ಸ್‌ನಲ್ಲಿ ಸಾಲಿನ ಬಾಲ ಕತ್ತರಿಸಿ ಹೋಗುತ್ತದೆ, ಆದ್ದರಿಂದ ಓದುಗನಿಗೆ ಸಿಗುವುದು ಮೊದಲು ಬರಬೇಕು. "30ರವರೆಗೆ" ಕಾಣದೆ ಹೋದರೂ ಉಳಿದ ಭಾಗ ಸುಳ್ಳಾಗುವುದಿಲ್ಲ. ಹಳೆಯ ಸಾಲಿನಲ್ಲಿ ಕತ್ತರಿ ಬಿದ್ದ ಮೇಲೆ ಉಳಿಯುತ್ತಿದ್ದದ್ದು "Re: ತುರ್ತು!! ನಿಮ್ಮ ಖಾತೆ" ಮಾತ್ರ! ಮೇಲ್ ಕಳಿಸುವ ಟೂಲ್‌ನಲ್ಲಿ ಕಾಣುವ ಅಕ್ಷರಗಳ ಎಣಿಕೆಯನ್ನು ಕನ್ನಡಕ್ಕೆ ನಂಬಬೇಡಿ. ಅದು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ; "ಪ್ಲಾನ್" ಅದರ ಲೆಕ್ಕದಲ್ಲಿ 6, ಪರದೆಯ ಮೇಲೆ ಎರಡೇ ಅಕ್ಷರ. ಸಾಲು ಉದ್ದವಾಯಿತೆಂಬ ಕೆಂಪು ಬಣ್ಣದ ಎಚ್ಚರಿಕೆಗೆ ಹೆದರಿ ಒಳ್ಳೆಯ ಸಾಲನ್ನು ಮೊಟಕು ಮಾಡುವ ಬದಲು, ಎರಡು ಫೋನಿಗೆ ಟೆಸ್ಟ್ ಮೇಲ್ ಕಳಿಸಿ ಕಣ್ಣಾರೆ ನೋಡುವುದು ಮೇಲು.

"30ರವರೆಗೆ" ಎಂದು ತಾರೀಕನ್ನೇ ಬರೆದದ್ದಕ್ಕೂ ಕಾರಣವಿದೆ. "ಇಂದೇ ಕೊನೆ" ಎಂಬುದು ಕಳಿಸಿದ ದಿನ ನಿಜವಾಗಿದ್ದರೂ, ಮೂರು ದಿನ ಬಿಟ್ಟು ತೆರೆದವನ ಪಾಲಿಗೆ ಗೊಂದಲ. ತಾರೀಕು ಯಾವತ್ತು ಓದಿದರೂ ತಾರೀಕೇ.

ಸಬ್ಜೆಕ್ಟ್‌ನಲ್ಲಿ ಹಿಡಿಯದ ಷರತ್ತನ್ನು, ಇನ್‌ಬಾಕ್ಸ್‌ನಲ್ಲಿ ಸಬ್ಜೆಕ್ಟ್ ಆದ ಮೇಲೆ ಕಾಣುವ ಪುಟ್ಟ ಸಾಲಾದ ಪ್ರಿಹೆಡರ್‌ಗೆ ಹಾಕಬೇಕು. ನಮ್ಮಲ್ಲಿ ಅದನ್ನು ಖಾಲಿ ಬಿಡುವುದೇ ವಾಡಿಕೆ, ಆಗ "ಬ್ರೌಸರ್‌ನಲ್ಲಿ ನೋಡಿ" ಎಂಬ ಲಿಂಕ್‌ನ ಪಠ್ಯ ಅಲ್ಲಿ ಹೋಗಿ ಕೂರುತ್ತದೆ. ಈ ಸಲ ಹೀಗೆ ಬರೆಯಲಾಯಿತು: "ತಿಂಗಳ ಪ್ಲಾನ್‌ನಲ್ಲಿರುವವರಿಗೆ. ಬದಲಾಯಿಸದಿದ್ದರೆ ನಿಮ್ಮ ಪ್ಲಾನ್ ಈಗಿನಂತೆಯೇ ಮುಂದುವರಿಯುತ್ತದೆ." ಎರಡನೆಯ ವಾಕ್ಯ ನೋಡಿ ಮ್ಯಾನೇಜರ್ ಮುಖ ಸಿಂಡರಿಸಿದರು, "ಬೇಡ ಅನ್ನೋಕೆ ನಾವೇ ದಾರಿ ತೋರಿಸ್ತಿದ್ದೀವಲ್ಲ" ಅಂದರು. ಹೌದು, ಬೇಡವಾದವನು ತೆರೆಯದೆ ಮುಂದೆ ಹೋಗಲಿ ಎಂದೇ ಅದು. ಮೋಸಹೋದೆ ಅನ್ನಿಸಿದವನು ಅನ್‌ಸಬ್‌ಸ್ಕ್ರೈಬ್ ಹುಡುಕುತ್ತಾ ಕೂರುವುದಿಲ್ಲ, ಸ್ಪ್ಯಾಮ್ ಬಟನ್ ಒತ್ತುತ್ತಾನೆ.

ಆ ಬಟನ್‌ನ ಲೆಕ್ಕ ಬಹಳ ಬಿಗಿ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಜಿಮೇಲ್ ಇಟ್ಟಿರುವ ನಿಯಮದಂತೆ ಸ್ಪ್ಯಾಮ್ ದೂರು ಶೇ. 0.1ರ ಕೆಳಗಿರಬೇಕು, ಶೇ. 0.3 ಯಾವತ್ತೂ ಮುಟ್ಟಬಾರದು. 20,000 ಮೇಲ್ ಇನ್‌ಬಾಕ್ಸ್ ಸೇರಿವೆ ಎಂದುಕೊಳ್ಳಿ: 20 ಜನ ಒತ್ತಿದರೆ ಮೊದಲ ಗೆರೆ, 60 ಜನ ಒತ್ತಿದರೆ ಅಪಾಯದ ಗೆರೆ. ಸಾವಿರಾರು ಹೆಚ್ಚುವರಿ ಓಪನ್ ತಂದ ಸಾಲು ಈ 60 ಜನರಿಂದ ಮುಂದಿನ ತಿಂಗಳ ಇನ್‌ವಾಯ್ಸ್ ಮೇಲ್‌ಗಳನ್ನೂ ಸ್ಪ್ಯಾಮ್ ಫೋಲ್ಡರ್‌ಗೆ ಎಳೆದೊಯ್ಯಬಹುದು, ಎರಡೂ ಒಂದೇ ಡೊಮೇನ್‌ನಿಂದ ಹೋಗುವುದಾದರೆ. ಇನ್ನೊಂದು ಬಲೆ ಇದೆ. ಯಾರು ದೂರು ಒತ್ತಿದರು ಎಂಬುದನ್ನು ಜಿಮೇಲ್ ಹೆಸರು ಹಿಡಿದು ಹೇಳುವುದಿಲ್ಲ. ಹಾಗಾಗಿ ನಮ್ಮ ಮೇಲಿಂಗ್ ಟೂಲ್‌ನ ದೂರಿನ ಕಾಲಂ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತಾ ಹಸಿರಾಗಿಯೇ ಇರುತ್ತದೆ. ನಿಜವಾದ ಪ್ರಮಾಣ ಕಾಣುವುದು ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ, ಅದೂ ತಡವಾಗಿ.

ಓಪನ್ ರೇಟ್ ಕೂಡ ಅಂಥದ್ದೇ. 2021ರಲ್ಲಿ ಐಒಎಸ್ 15ರ ಜೊತೆ ಬಂದ ಆಪಲ್‌ನ ಮೇಲ್ ಪ್ರೈವಸಿ ಪ್ರೊಟೆಕ್ಷನ್, ಬಳಕೆದಾರ ಮೇಲ್ ತೆರೆಯದಿದ್ದರೂ ಓಪನ್ ಎಣಿಸಲು ಮೇಲ್‌ನಲ್ಲಿ ಇಟ್ಟಿರುವ ಟ್ರ್ಯಾಕಿಂಗ್ ಚಿತ್ರವನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಟೂಲ್ ಅದನ್ನು ಓಪನ್ ಎಂದು ಬರೆದುಕೊಳ್ಳುತ್ತದೆ. ಹಳೆ ಸಾಲು, ಹೊಸ ಸಾಲು ಯಾವುದು ಮೇಲು ಎಂದು ತಿಳಿಯಲು ತಲುಪಿದ ಮೇಲ್‌ಗಳಲ್ಲಿ ಎಷ್ಟು ಕ್ಲಿಕ್ ಬಂತು, ಎಷ್ಟು ಜನ ಪ್ಲಾನ್ ಬದಲಿಸಿದರು, ಎಷ್ಟು ಅನ್‌ಸಬ್‌ಸ್ಕ್ರೈಬ್ ಎಂಬುದನ್ನೇ ನೋಡಬೇಕು. ಬೆದರಿಸಿ ತೆರೆಸಿದ ಮೇಲ್‌ನ ಗುರುತು ಸುಲಭ: ಓಪನ್ ಜಾಸ್ತಿ, ಕ್ಲಿಕ್ ಇದ್ದಲ್ಲೇ, ಅನ್‌ಸಬ್‌ಸ್ಕ್ರೈಬ್ ಮೇಲೆ.

ಎರಡು ಸಾಲುಗಳನ್ನು ಎರಡು ಗುಂಪಿಗೆ ಕಳಿಸಿ ಹೋಲಿಸುವ ಎ/ಬಿ ಟೆಸ್ಟ್ ಮಾಡಿ ಎಂದು ಹೇಳುವುದು ಸುಲಭ. ಆದರೆ ಶೇ. 20 ಮತ್ತು ಶೇ. 22ರ ನಡುವಿನ ವ್ಯತ್ಯಾಸವನ್ನು ಮಾಮೂಲಿ ಸಂಖ್ಯಾಶಾಸ್ತ್ರದ ಭರವಸೆಯಿಂದ ಹೇಳಲು ಒಂದೊಂದು ಗುಂಪಿಗೆ ಸುಮಾರು 6,500 ಜನ ಬೇಕು. ಐನೂರು ಜನರ ಗುಂಪಿನಲ್ಲಿ ಟೂಲ್ "ವಿಜೇತ" ಅಂತ ಕಿರೀಟ ತೊಡಿಸಿದರೆ ಅದು ಬಹುಪಾಲು ಅದೃಷ್ಟ. ಸುಳ್ಳು ಸಾಲನ್ನು ಟೆಸ್ಟ್‌ಗೆ ಹಾಕುವ ಮಾತೇ ಬೇಡ. ಅಮೆರಿಕದಲ್ಲಿ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಸಬ್ಜೆಕ್ಟ್ ಲೈನ್ ಕಾನೂನುಬಾಹಿರ, ಅದು ಟೆಸ್ಟ್‌ನಲ್ಲಿ ಗೆದ್ದಿದ್ದರೂ ಸರಿಯೇ.

ಇನ್ನು ಉಳಿದದ್ದು ನೆನಪಿನ ಮೇಲ್. ಅದನ್ನು 28ಕ್ಕೆ, ತೆರೆಯದವರಿಗಲ್ಲ, ಕ್ಲಿಕ್ ಮಾಡದವರಿಗೆ ಕಳಿಸಬೇಕು; ಓಪನ್ ಲೆಕ್ಕವೇ ಸರಿಯಿಲ್ಲದಾಗ "ತೆರೆಯದವರು" ಎಂಬ ಪಟ್ಟಿಗೆ ಅರ್ಥವಿಲ್ಲ. ಈಗಾಗಲೇ ಪ್ಲಾನ್ ಬದಲಿಸಿದವರನ್ನು ಪಟ್ಟಿಯಿಂದ ತೆಗೆಯಲು ಬಿಲ್ಲಿಂಗ್‌ನವರಿಂದ ಆ ದಿನದ ಎಕ್ಸ್‌ಪೋರ್ಟ್ ತರಿಸಿಕೊಳ್ಳಿ, ಹಿಂದಿನ ವಾರದ್ದಲ್ಲ. "ವಾರ್ಷಿಕ ಪ್ಲಾನ್ ಆಫರ್ 30ಕ್ಕೆ ಮುಗಿಯುತ್ತದೆ" ಎಂಬ ಸಾಲು ಸಾಕು. ಕಳಿಸುವ ಮುಂಚೆ ಮ್ಯಾನೇಜರ್ ಹತ್ತಿರ ಒಂದು ಮಾತು ಬರೆಸಿಕೊಳ್ಳಿ: 30ರ ನಂತರ ಆಫರ್ ಪೇಜ್ ನಿಜವಾಗಿಯೂ ಇಳಿಯುತ್ತದೆಯೇ, ಅಥವಾ ಟಾರ್ಗೆಟ್ ಮುಟ್ಟಲಿಲ್ಲವೆಂದು 5ರವರೆಗೆ ಎಳೆಯುತ್ತೀರಾ? ಎಳೆಯುವ ಯೋಚನೆ ಇದ್ದರೆ ತಾರೀಕನ್ನು ಸಬ್ಜೆಕ್ಟ್‌ನಲ್ಲಿ ಹಾಕಬೇಡಿ.