ಬಿಲ್ಲಿನ ಮೊತ್ತ ಸರಿ, ತೆರಿಗೆ ಮಾತ್ರ ತಪ್ಪು

ತಿಪಟೂರಿನ ನಮ್ಮ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ವ್ಯಾಪಾರವನ್ನು ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ, ಲೆಕ್ಕಪತ್ರ ನನ್ನ ಪಾಲಿನದು. ಪ್ರತಿ ತಿಂಗಳು 8ನೇ ತಾರೀಖಿನ ಹೊತ್ತಿಗೆ ಹಿಂದಿನ ತಿಂಗಳ ಮಾರಾಟದ ಪಟ್ಟಿಯನ್ನು ಆಡಿಟರ್ ಅವರಿಗೆ ಕಳುಹಿಸುತ್ತೇನೆ; ಅವರು 11ರೊಳಗೆ ಜಿಎಸ್‌ಟಿಆರ್-1 ಎಂಬ ಮಾರಾಟದ ವಿವರಪಟ್ಟಿಯನ್ನು ಸಲ್ಲಿಸುತ್ತಾರೆ. ಕಳುಹಿಸುವ ಮುನ್ನ ಒಂದು ತಾಳೆ ನೋಡುವುದು ನನ್ನ ರೂಢಿ. ನಾವು ಮಾರುವ ವೈರು, ಸ್ವಿಚ್ಚು, ಎಂಸಿಬಿಗಳಿಗೆಲ್ಲ ತೆರಿಗೆ 18 ಪ್ರತಿಶತವೇ ಆದ್ದರಿಂದ, ತಿಂಗಳ ಬಿಲ್ಲುಗಳ ಒಟ್ಟು ಮೊತ್ತವನ್ನು 118ರಿಂದ ಭಾಗಿಸಿ 18ರಿಂದ ಗುಣಿಸಿದರೆ ಬರುವ ಸಂಖ್ಯೆಯೂ ಬಿಲ್ಲಿಂಗ್ ಸಾಫ್ಟ್‌ವೇರ್ ತೋರಿಸುವ ತೆರಿಗೆಯೂ ಒಂದಾಗಿರಬೇಕು. ಪೈಸೆಗಳನ್ನು ರೂಪಾಯಿಗೆ ಹೊಂದಿಸುವಾಗ ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಆಗುವುದುಂಟು. ಆ ತಿಂಗಳು ವ್ಯತ್ಯಾಸ 9,414 ರೂಪಾಯಿ ಬಂದಿತು.

ಮೊದಲು ನನ್ನ ಕೂಡಿಕೆಯನ್ನೇ ಸಂದೇಹಿಸಿ ಎರಡು ಸಲ ಲೆಕ್ಕ ಮಾಡಿದೆ. ಗಲ್ಲಾಪೆಟ್ಟಿಗೆಯ ದಿನವಹಿ ಪುಸ್ತಕ, ಬ್ಯಾಂಕಿನ ಜಮೆ, ಬಿಲ್ಲುಗಳ ಒಟ್ಟು ಮೊತ್ತ ಮೂರೂ ಒಂದಕ್ಕೊಂದು ಹೊಂದುತ್ತಿದ್ದವು. ಬಂದ ಹಣದಲ್ಲಿ ಒಂದು ರೂಪಾಯಿಯೂ ಏರುಪೇರಾಗಿರಲಿಲ್ಲ, ಆದರೆ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ ಮಾತ್ರ ಹೆಚ್ಚಾಗಿತ್ತು. ಆಗ ಬಿಲ್ಲುಗಳನ್ನು ಒಂದೊಂದಾಗಿ ತೆರೆದು ಕೈಯಲ್ಲಿ ಲೆಕ್ಕ ಹಾಕುತ್ತ ಹೋದೆ. ತಿಂಗಳ ಮೊದಲ ವಾರದ ಬಿಲ್ಲುಗಳೆಲ್ಲ ಸರಿಯಾಗಿದ್ದವು. ರಿಯಾಯಿತಿ ಇಲ್ಲದ ಬಿಲ್ಲುಗಳು ಕೊನೆಯವರೆಗೂ ಸರಿಯಾಗಿದ್ದವು. ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನದ ನಂತರದ, ರಿಯಾಯಿತಿ ಕೊಟ್ಟ 64 ಬಿಲ್ಲುಗಳಲ್ಲಿ ಮಾತ್ರ ತಪ್ಪಿತ್ತು.

ವೈರಿಂಗ್ ಗುತ್ತಿಗೆ ಮಾಡುವ ನಮ್ಮ ಗ್ರಾಹಕರೊಬ್ಬರು ಆ ತಿಂಗಳು ಒಂದೇ ಬಗೆಯ ಸಾಮಾನನ್ನು ಎರಡು ಸಲ ಕೊಂಡಿದ್ದರು. ಒಂದು ಸಲ ಅಪ್‌ಡೇಟಿಗೆ ಮೊದಲು, ಇನ್ನೊಂದು ಸಲ ನಂತರ. ಎರಡರಲ್ಲೂ ಸಾಮಾನಿನ ಬೆಲೆ 10,000 ರೂಪಾಯಿ, ರಿಯಾಯಿತಿ 10 ಪ್ರತಿಶತ. ಹಳೆಯ ಬಿಲ್ಲಿನಲ್ಲಿ 1,000 ರೂಪಾಯಿ ಕಳೆದು ಉಳಿದ 9,000ಕ್ಕೆ ಸಿಜಿಎಸ್‌ಟಿ 810, ಎಸ್‌ಜಿಎಸ್‌ಟಿ 810 ಹಾಕಿ ಒಟ್ಟು 10,620 ಮಾಡಲಾಗಿತ್ತು. ಹೊಸ ಬಿಲ್ಲಿನಲ್ಲಿ ಪೂರ್ತಿ 10,000ಕ್ಕೆ 900 ಮತ್ತು 900 ತೆರಿಗೆ ಹಾಕಿ, 11,800 ಮಾಡಿ, ಆಮೇಲೆ ಅದರಲ್ಲಿ 10 ಪ್ರತಿಶತ, ಅಂದರೆ 1,180 ರೂಪಾಯಿ ಕಳೆಯಲಾಗಿತ್ತು. ಅಲ್ಲಿಯೂ ಒಟ್ಟು 10,620. ಗ್ರಾಹಕರು ಕೊಡುವ ಹಣ ಒಂದೇ ಆಗಿದ್ದರಿಂದಲೇ ಇದು ಮೂರು ವಾರಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಮೊದಲ ಬಿಲ್ಲಿಗೆ ನಾವು ಕಟ್ಟಬೇಕಾದ ತೆರಿಗೆ 1,620, ಎರಡನೆಯದಕ್ಕೆ 1,800. ನಡುವಿನ 180 ರೂಪಾಯಿ ನಮ್ಮ ಲಾಭದಿಂದಲೇ ಹೋಗಬೇಕು. ಎಲೆಕ್ಟ್ರಿಕಲ್ ವ್ಯಾಪಾರದಲ್ಲಿ ಅಂಚು ಎಷ್ಟು ತೆಳುವಾಗಿರುತ್ತದೆ ಎಂಬುದನ್ನು ಬಲ್ಲವರಿಗೆ ಈ 180ರ ತೂಕ ಗೊತ್ತಾಗುತ್ತದೆ.

ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಾಗ ಮಾತಾಡಿದ ಹುಡುಗ, "ಮೇಡಂ, ಒಟ್ಟು ಮೊತ್ತ ಸರಿಯಾಗಿಯೇ ಇದೆಯಲ್ಲ, ತೊಂದರೆ ಏನು?" ಎಂದು ಕೇಳಿದ. ಅವನು ಉದಾಸೀನದಿಂದ ಕೇಳಿದ್ದಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಫೋನಿನಲ್ಲಿ ಇದನ್ನು ವಿವರಿಸಿ ಪ್ರಯೋಜನವಿಲ್ಲವೆಂದು ನನಗೆ ಆಗಲೇ ಅನಿಸಿತು. ಆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕುಳಿತು ಪತ್ರ ಬರೆದೆ.

ಪತ್ರದ ಮೊದಲ ಸಾಲಿನಲ್ಲೇ ಅಪ್‌ಡೇಟಿನ ಆವೃತ್ತಿ ಸಂಖ್ಯೆ, ಅದು ನಮ್ಮ ಕಂಪ್ಯೂಟರಿಗೆ ಬಂದ ದಿನಾಂಕ ಮತ್ತು ಅದಕ್ಕೆ ಹಿಂದಿನ ಕೊನೆಯ ಸರಿ ಬಿಲ್ಲಿನ ಸಂಖ್ಯೆಯನ್ನು ಕೊಟ್ಟೆ. ಬಳಿಕ ಗುತ್ತಿಗೆದಾರರ ಆ ಎರಡು ಬಿಲ್ಲುಗಳ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದೆ. ಅದರ ಕೆಳಗೆ ಹೀಗೆ ಸೇರಿಸಿದೆ: "ಮಾರಾಟದ ಸಮಯದಲ್ಲಿಯೇ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿಯನ್ನು ತೆರಿಗೆ ಹಾಕುವ ಮೌಲ್ಯದಲ್ಲಿ ಸೇರಿಸತಕ್ಕದ್ದಲ್ಲವೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ತಮ್ಮ ತಂತ್ರಾಂಶವು ರಿಯಾಯಿತಿಯನ್ನು ಮೊದಲು ಕಳೆದು, ಉಳಿದ ಮೊತ್ತಕ್ಕೆ ತೆರಿಗೆ ಲೆಕ್ಕ ಹಾಕಬೇಕು. ಒಟ್ಟು ಮೊತ್ತ ಹೊಂದುತ್ತದೆ ಎಂಬುದು ಇದಕ್ಕೆ ಉತ್ತರವಾಗುವುದಿಲ್ಲ." ನಷ್ಟದ ಬಗ್ಗೆ, ಕಳೆದುಹೋದ ಎರಡು ದಿನಗಳ ಬಗ್ಗೆ ಬರೆದಿದ್ದ ಒಂದು ಇಡೀ ಪ್ಯಾರಾವನ್ನು ಬೆಳಿಗ್ಗೆ ಓದಿ ತೆಗೆದುಹಾಕಿದೆ. ಅದು ಸುಳ್ಳಾಗಿರಲಿಲ್ಲ, ಆದರೆ ಓದುವವರ ಗಮನ ಲೆಕ್ಕದಿಂದ ಆಚೆ ಹೋಗಬಾರದಿತ್ತು.

ಕೇಳಿದ್ದು ಮೂರು ಸಂಗತಿ: ತಪ್ಪನ್ನು ಸರಿಪಡಿಸುವುದು, ತಪ್ಪಾದ ಬಿಲ್ಲುಗಳ ಪಟ್ಟಿಯನ್ನು ತಂತ್ರಾಂಶದಿಂದಲೇ ತೆಗೆದುಕೊಡುವುದು, ಮತ್ತು ಇದೇ ಅಪ್‌ಡೇಟ್ ಪಡೆದ ಇತರ ಅಂಗಡಿಗಳಿಗೂ ಲಿಖಿತವಾಗಿ ತಿಳಿಸುವುದು.

ಮೂರನೇ ದಿನ ಹಿರಿಯರೊಬ್ಬರು ಕರೆ ಮಾಡಿದರು. ಹೊಸ ಅಪ್‌ಡೇಟಿನಲ್ಲಿ `Apply discount after tax` ಎಂಬ ಆಯ್ಕೆಯನ್ನು ಸೇರಿಸಲಾಗಿತ್ತು, ಅದು ಎಲ್ಲರಿಗೂ ತಾನಾಗಿಯೇ ಚಾಲೂ ಆಗಿಬಿಟ್ಟಿತ್ತು. ಅದನ್ನು ಆಫ್ ಮಾಡಿಸಿ ಒಂದು ಕೊಟೇಶನ್ ತಯಾರಿಸಿ ನೋಡಿದೆ, ತೆರಿಗೆ 1,620 ಬಂದಿತು. ಆದರೆ ಅವರು ಮುಂದಕ್ಕೆ ಹೇಳಿದ ಮಾತು ನನ್ನನ್ನು ಮತ್ತೆ ಗಾಬರಿಗೊಳಿಸಿತು: "ಹಳೆಯ 64 ಬಿಲ್ಲುಗಳನ್ನೂ ನಾವು ಇಲ್ಲಿಂದಲೇ ಹೊಸದಾಗಿ ಲೆಕ್ಕ ಹಾಕಿಬಿಡುತ್ತೇವೆ ಮೇಡಂ, ನೀವೇನೂ ಮಾಡಬೇಕಿಲ್ಲ."

ಬೇಡವೆಂದು ಕೂಡಲೇ ಹೇಳಿದೆ. ಆ ಬಿಲ್ಲುಗಳ ಮುದ್ರಿತ ಪ್ರತಿ ಆಗಲೇ ಗ್ರಾಹಕರ ಕೈ ಸೇರಿತ್ತು. ಗುತ್ತಿಗೆದಾರರ ಕಾಗದದಲ್ಲಿ ತೆರಿಗೆ 1,800 ಇದ್ದು ಅದೇ ಸಂಖ್ಯೆಯ ಬಿಲ್ಲು ನಮ್ಮ ಕಂಪ್ಯೂಟರಿನಲ್ಲಿ 1,620 ತೋರಿಸಿದರೆ, ಅವರು ನಮಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು 1,800ಕ್ಕೆ ಹೂಡುವಳಿ ತೆರಿಗೆ ಜಮೆ ಕೇಳುವಾಗ ನಾವು ಸಲ್ಲಿಸಿದ ಲೆಕ್ಕದಲ್ಲಿ ಅದು ಇರುವುದಿಲ್ಲ. ಕೊಟ್ಟ ಬಿಲ್ಲನ್ನು ಒಳಗೊಳಗೇ ತಿದ್ದುವುದು ಮೊದಲ ತಪ್ಪಿಗಿಂತ ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಡಿಟರ್ ಅವರೂ ಅದನ್ನೇ ಹೇಳಿದರು. "ಬಿಲ್ಲು ಹೇಗಿದೆಯೋ ಹಾಗೇ ಇರಲಿ ಅಮ್ಮಾ. ಹೆಚ್ಚಾಗಿ ಹಾಕಿದ ತೆರಿಗೆಗೆ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಡಿ" ಎಂದರು. ಅಂದರೆ ಮೂಲ ಬಿಲ್ಲನ್ನು ಮುಟ್ಟದೆ, ಅದರಲ್ಲಿ ಹೆಚ್ಚಾದ ಮೊತ್ತವನ್ನು ಕಡಿಮೆ ಮಾಡುವ ಪ್ರತ್ಯೇಕ ಚೀಟಿ. ಗುತ್ತಿಗೆದಾರರ ಬಿಲ್ಲಿಗೆ 1,000 ರೂಪಾಯಿ ಮೌಲ್ಯ, 180 ರೂಪಾಯಿ ತೆರಿಗೆ ಸೇರಿ 1,180ರ ಕ್ರೆಡಿಟ್ ನೋಟ್ ಮಾಡಿದೆವು. ಬಿಲ್ಲಿನ ಕೊನೆಯಲ್ಲಿ ಕಳೆದಿದ್ದ ರಿಯಾಯಿತಿಯ ಮೊತ್ತವೂ ಅದೇ ಆಗಿದ್ದರಿಂದ ಯಾರೂ ಯಾರಿಗೂ ಹಣ ಕೊಡಬೇಕಾಗಲಿಲ್ಲ. ಅವರ ಜಮೆಯಲ್ಲಿ 180 ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ಫೋನ್ ಮಾಡಿ ಮೊದಲೇ ತಿಳಿಸಿದೆ, ಬೇಸರಪಟ್ಟುಕೊಳ್ಳದೆ ಒಪ್ಪಿಕೊಂಡರು. ಜಿಎಸ್‌ಟಿ ನೋಂದಣಿ ಇದ್ದ ಉಳಿದ ಗ್ರಾಹಕರಿಗೂ ಒಬ್ಬೊಬ್ಬರಿಗೆ ಹೀಗೆಯೇ ಮಾಡಿದೆವು. ನೋಂದಣಿ ಇಲ್ಲದವರ ಬಿಲ್ಲುಗಳು ಜಿಎಸ್‌ಟಿಆರ್-1ರಲ್ಲಿ ದರವಾರು ಒಟ್ಟಾಗಿ ಹೋಗುತ್ತವೆಯಾದರೂ, ಅವಕ್ಕೂ ಬಿಲ್ಲಿನ ಸಂಖ್ಯೆ ಸಹಿತ ಕಡತ ಇಡಬೇಕೆಂದು ಆಡಿಟರ್ ಹೇಳಿದ್ದರಿಂದ ಆ ಕೆಲಸಕ್ಕೆ ಇನ್ನೂ ಎರಡು ಸಂಜೆ ಹಿಡಿಯಿತು.

ಪತ್ರದ ಮೊದಲ ಎರಡು ಬೇಡಿಕೆಗಳನ್ನು ಕಂಪನಿಯವರು ಈಡೇರಿಸಿದರು. ಬಿಲ್ಲುಗಳ ಪಟ್ಟಿ ನನ್ನ ಕೈಬರಹದ ಪಟ್ಟಿಯೊಂದಿಗೆ ಪೂರ್ತಿ ಹೊಂದಿತು. ಮೂರನೆಯದಕ್ಕೆ ಉತ್ತರ ಬಂದಿಲ್ಲ. ನಮ್ಮ ಬೀದಿಯ ಪೇಂಟ್ ಅಂಗಡಿಯವರೂ ಇದೇ ತಂತ್ರಾಂಶವನ್ನು ಬಳಸುತ್ತಾರೆ. ಅವರಲ್ಲಿ ರಿಯಾಯಿತಿ ಇಲ್ಲದ ಬಿಲ್ಲೇ ಅಪರೂಪ. ನಾನೇ ಹೋಗಿ ಅವರ ಕಂಪ್ಯೂಟರಿನಲ್ಲಿ ನೋಡಿದೆ, ಆ ಆಯ್ಕೆ ಚಾಲೂ ಇತ್ತು. ಅವರ ಒಂದು ಬಿಲ್ಲಿನ ಪ್ರತಿಯನ್ನು ಅವರ ಒಪ್ಪಿಗೆಯಿಂದ ಲಗತ್ತಿಸಿ, ನಿನ್ನೆ ಕಂಪನಿಗೆ ಎರಡನೇ ಪತ್ರವನ್ನು ಕಳುಹಿಸಿದ್ದೇನೆ.